ಬಾಡಿಗೆಯ ಬದಲು ಒತ್ತಿ: ಬಡ್ಡಿಯ ಲಾಭ ಮಾಲೀಕನಿಗೆ ಸಲ್ಲಬೇಕೇ?

ಪರ

ಕಲಬುರಗಿಯ ಸೇಡಂ ರಸ್ತೆಯ ಕಡೆ, ಶಹಾಬಾದ ಕಲ್ಲು ಹಾಸಿದ ಎರಡು ಕೋಣೆಯ ಮನೆಯೊಂದಿದೆ ಎಂದಿಟ್ಟುಕೊಳ್ಳೋಣ. ಬಾಡಿಗೆಗಾದರೆ ತಿಂಗಳಿಗೆ 8,000 ರೂಪಾಯಿ, ಒತ್ತಿಗಾದರೆ 8 ಲಕ್ಷ. ಒತ್ತಿ ಹಿಡಿದವರು ಬಾಡಿಗೆ ಕೊಡುವುದಿಲ್ಲ. ಬಿಡುವಾಗ 8 ಲಕ್ಷವನ್ನು ಹಾಗೆಯೇ ಹಿಂದಕ್ಕೆ ಪಡೆಯುತ್ತಾರೆ. ಇದನ್ನು ಕಂಡವರು, ಮಾಲೀಕ ಕೂತಲ್ಲೇ ಬಡ್ಡಿ ತಿನ್ನುತ್ತಾನೆ ಎನ್ನುತ್ತಾರೆ. ಆ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಮಾಲೀಕ ಆ ಹಣವನ್ನು ಬ್ಯಾಂಕಿನಲ್ಲಿ ಶೇ 6.75ರ ನಿಶ್ಚಿತ ಠೇವಣಿ ಇಟ್ಟರೆ ವರ್ಷಕ್ಕೆ 54,000, ಅಂದರೆ ತಿಂಗಳಿಗೆ 4,500 ರೂಪಾಯಿ ಬರುತ್ತದೆ. ಬಿಟ್ಟುಕೊಟ್ಟ ಬಾಡಿಗೆ 8,000. ಅವನಿಗೆ ಪ್ರತಿ ತಿಂಗಳೂ 3,500 ನಷ್ಟ. ಹಾಗಾದರೆ ಅವನು ಒತ್ತಿಗೆ ಏಕೆ ಕೊಡುತ್ತಾನೆ? ಅವನಿಗೆ ಬೇಕಿರುವುದು ಠೇವಣಿಯ ಬಡ್ಡಿಯಲ್ಲ, ಸಾಲದ ಬಡ್ಡಿಯಿಂದ ಬಿಡುಗಡೆ. ಶೇ 12ರ ಸಾಲವನ್ನು ಈ ಹಣದಿಂದ ತೀರಿಸಿದರೆ ತಿಂಗಳಿಗೆ 8,000 ಉಳಿಯುತ್ತದೆ, ಬಾಡಿಗೆಗೆ ಸರಿಸಮ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಕೈಸಾಲ ತೀರಿಸಿದರೆ 16,000 ಉಳಿಯುತ್ತದೆ.

ಒತ್ತಿ ಹಿಡಿದವರ ಕಡೆಯಿಂದಲೂ ನೋಡಿ. ಹೊಲ ಮಾರಿದ ಹಣವೋ ನಿವೃತ್ತಿಯ ಹಣವೋ ಬ್ಯಾಂಕಿನಲ್ಲಿದ್ದರೆ ಅವರಿಗೆ ಬರುತ್ತಿದ್ದುದು 4,500 ಮಾತ್ರ. ಅದನ್ನು ಬಿಟ್ಟು 8,000ದ ಮನೆಯಲ್ಲಿರುತ್ತಾರೆ. ಬ್ಯಾಂಕು ಠೇವಣಿದಾರರಿಗೆ ಕಡಿಮೆ ಕೊಟ್ಟು ಸಾಲಗಾರರಿಂದ ಹೆಚ್ಚು ಪಡೆಯುವ ನಡುವಿನ ಅಂತರವನ್ನು ಇಲ್ಲಿ ಇಬ್ಬರೇ ಹಂಚಿಕೊಳ್ಳುತ್ತಾರೆ. ಖಾತೆ, ನಕ್ಷೆ ಸರಿಯಿಲ್ಲದೆ ಬ್ಯಾಂಕ್ ಸಾಲ ಸಿಗದ ಮಾಲೀಕ ಈ ಹಣದಲ್ಲಿ ಮೇಲಿನ ಅಂತಸ್ತನ್ನು ಮುಗಿಸಿ 7,000ಕ್ಕೆ ಬಾಡಿಗೆ ಕೊಟ್ಟರೆ, ಊರಿಗೆ ಇನ್ನೊಂದು ಮನೆಯೂ ಸಿಕ್ಕಿತು. ಇದರಲ್ಲಿ ಯಾರ ಗಂಟನ್ನು ಯಾರು ಕದ್ದಂತಾಯಿತು?

ವಿರೋಧ

ಈ ಲೆಕ್ಕ ಸರಿಯಾಗಿದೆ. ನನ್ನ ತಕರಾರು ಹುಟ್ಟುವುದೇ ಇದರಿಂದ. ಹಣವನ್ನು ಬ್ಯಾಂಕಿನಲ್ಲಿ ಭದ್ರವಾಗಿಡುವ ಮಾಲೀಕನಿಗೆ ಒತ್ತಿಯಿಂದ ನಷ್ಟ, ಆದ್ದರಿಂದ ಅವನು ಕೊಡುವುದು ಅಪರೂಪ. ಅತಿ ಹೆಚ್ಚು ಲಾಭವಾಗುವುದು ಎರಡು ರೂಪಾಯಿ ಬಡ್ಡಿಯಲ್ಲಿ ಸಿಕ್ಕಿಕೊಂಡವನಿಗೆ. ಮಾಲೀಕನ ಲಾಭ ಹೆಚ್ಚಿದಷ್ಟೂ ನಮ್ಮ ಅಸಲು ಅಪಾಯದಲ್ಲಿದೆ ಎಂದೇ ಅರ್ಥ. ಆ ಅಪಾಯಕ್ಕೆ 3,500ರ ಉಳಿತಾಯ ಸಾಕಾದ ಬೆಲೆಯಲ್ಲ.

ಮೇಲಂತಸ್ತಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 7,000 ಬಾಡಿಗೆಯನ್ನು ಒಂದು ಪೈಸೆಯೂ ಮುಟ್ಟದೆ ಕೂಡಿಟ್ಟರೂ ಮೂರು ವರ್ಷಕ್ಕೆ ಆಗುವುದು 2,52,000. ಉಳಿದ 5,48,000 ಎಲ್ಲಿಂದ ಬರಬೇಕು? ಮುಂದೆ ಒತ್ತಿ ಹಿಡಿಯುವವರಿಂದ. ಅದಕ್ಕೇ ಮನೆ ಬಿಡುತ್ತೇನೆ ಎಂದಾಗ, ‘ಬೇರೆಯವರು ಬರಲಿ, ಕೊಡುತ್ತೇನೆ’ ಎಂಬ ಉತ್ತರ ಕೇಳಿಬರುತ್ತದೆ. ಅಷ್ಟರಲ್ಲಿ ಒತ್ತಿದಾರರಿಗೆ ಬೀದರಿಗೆ ವರ್ಗವಾಗಿ, ಅಲ್ಲಿ 8,000 ಬಾಡಿಗೆ ಕಟ್ಟುತ್ತ ಆರು ತಿಂಗಳು ಕಾದರೆ 48,000 ಹೋಯಿತು. ಹಣ ಕೈಗೆ ಬಂದಿದ್ದರೆ ಅಲ್ಲೂ ಒತ್ತಿ ಹಿಡಿದು ಈ ಬಾಡಿಗೆ ಉಳಿಸಬಹುದಿತ್ತು. ಒತ್ತಿಯಿಂದ ವರ್ಷಕ್ಕೆ ಉಳಿದದ್ದು 42,000. ಆರು ತಿಂಗಳ ವಿಳಂಬ ಒಂದು ವರ್ಷಕ್ಕಿಂತ ಹೆಚ್ಚಿನ ಲಾಭವನ್ನು ನುಂಗಿತು.

(ಹಣದುಬ್ಬರದಿಂದ 8 ಲಕ್ಷದ ಬೆಲೆ ಇಳಿಯುತ್ತದೆ ಎಂದು ಕೆಲವರು ಅದನ್ನೂ ನಷ್ಟಕ್ಕೆ ಸೇರಿಸುತ್ತಾರೆ. ಅದು ತಪ್ಪು. ಬಿಟ್ಟುಕೊಟ್ಟ ಬಡ್ಡಿಯಲ್ಲೇ ಅದು ಸೇರಿದೆ, ಎರಡು ಸಲ ಎಣಿಸಬಾರದು.)

ಕಾನೂನಿನ ಆಸರೆ ಇಲ್ಲವೆಂದಲ್ಲ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 58ನೇ ಕಲಮಿನ ಪ್ರಕಾರ ಭೋಗ್ಯ ಅಡಮಾನ ಪಡೆದವರು ಹಣ ಬರುವ ತನಕ ಮನೆಯನ್ನು ತಮ್ಮ ಸ್ವಾಧೀನದಲ್ಲಿ ಇಟ್ಟುಕೊಳ್ಳಬಹುದು. ಆದರೆ ಭೋಗ್ಯಪತ್ರ ನೋಂದಣಿಯಾಗಿರಬೇಕು. ಮುದ್ರಾಂಕ ಶುಲ್ಕ ಉಳಿಸಲು ನಮ್ಮಲ್ಲಿ ಛಾಪಾ ಕಾಗದದ ಮೇಲೆ 11 ತಿಂಗಳ ಕರಾರು ಬರೆದು ಮುಗಿಸುತ್ತಾರೆ. ಅದು ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದಿಲ್ಲ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಕಂತು ತಪ್ಪಿದರೆ, ಬ್ಯಾಂಕಿನ ಹಕ್ಕು ಮುಂದೆ, ನಮ್ಮ ಕಾಗದ ಹಿಂದೆ. ಹಣವನ್ನು ನಗದಾಗಿ ಎಣಿಸಿಕೊಟ್ಟಿದ್ದರೆ ಕೊಟ್ಟಿದ್ದಕ್ಕೆ ಸಾಕ್ಷಿಯೇ ಕಷ್ಟ. 20,000 ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನೂ ನಿಷೇಧಿಸಿದೆ.

ಮಾಲೀಕ ಬಡ್ಡಿ ಉಳಿಸಿಕೊಳ್ಳಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಲಾಭ ಅವನದಾದ ಮೇಲೆ ನೋಂದಣಿಯ ಖರ್ಚೂ ಅವನದೇ ಆಗಬೇಕು. ಹಣ ಬ್ಯಾಂಕ್ ಮೂಲಕವೇ ಹೋಗಬೇಕು. ಗಡುವು ಮೀರಿದ ದಿನದಿಂದ ಬಡ್ಡಿ ಕೊಡಬೇಕೆಂದು ಪತ್ರದಲ್ಲಿ ಬರೆಯಬೇಕು. ಪೂರ್ತಿ ಹಣ ಖಾತೆಗೆ ಬೀಳುವ ತನಕ ಕೀಲಿಕೈ ಒತ್ತಿದಾರರ ಬಳಿಯೇ ಇರಬೇಕು. ಇದಕ್ಕೆ ಮಾಲೀಕ ಒಪ್ಪದಿದ್ದರೆ ನಾನು ಅದೇ ಮನೆಗೆ 8,000 ಬಾಡಿಗೆ ಕಟ್ಟಿ, 8 ಲಕ್ಷವನ್ನು ನನ್ನ ಹೆಸರಿನ ಠೇವಣಿಯಲ್ಲೇ ಇಡುತ್ತೇನೆ.