ಸ್ಪಷ್ಟನೆ: ಪಾಠ ಹೇಳುವುದೇ ‘ಬ್ಯಾಂಕಿಂಗ್ ಶಿಕ್ಷಣ’ ಅಲ್ಲ

“ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಪ್ರಕಾರ ಶಿಕ್ಷಕರು ಪಾಠ ಹೇಳಬಾರದಂತೆ. ಕಲಿಯುವವರೇ ಮಾತಾಡಿಕೊಂಡು ಕಲಿಯಬೇಕಂತೆ. ನಿಜವೇ?”

ಇಲ್ಲ, ಅದು ತಪ್ಪು. ಹಾಗೆ ಹೇಳುವ ಸಂದೇಶವನ್ನು ನಾನೂ ಹಂಚಿದ್ದೆ, ಈಗ ಅಳಿಸಿದ್ದೇನೆ.

ಕಲಿಯುವವರನ್ನು ಖಾಲಿ ಡಬ್ಬಿ ಎಂದುಕೊಂಡು ಮಾಹಿತಿ ತುಂಬುವುದನ್ನು ಫ್ರೇರೆ ಬ್ಯಾಂಕಿನಲ್ಲಿ ಹಣ ಜಮಾ ಮಾಡುವುದಕ್ಕೆ ಹೋಲಿಸಿ ‘ಬ್ಯಾಂಕಿಂಗ್ ಶಿಕ್ಷಣ’ ಎಂದರು. ಅವರ ತಕರಾರು ಆ ನಂಬಿಕೆಯ ಮೇಲೆ, ಪಾಠದ ಮೇಲಲ್ಲ.

1960ರ ದಶಕದ ಆರಂಭದಲ್ಲಿ ಬ್ರೆಜಿಲ್‌ನಲ್ಲಿ ಅವರು ರೂಪಿಸಿದ ವಯಸ್ಕರ ಅಕ್ಷರ ತರಗತಿಗಳನ್ನೇ ನೋಡಿ. ಅಲ್ಲಿ ಕಲಿಸುತ್ತಿದ್ದ ಒಂದು ಪೋರ್ಚುಗೀಸ್ ಪದ ‘ತಿಜೋಲೊ’, ಅಂದರೆ ಇಟ್ಟಿಗೆ. ಮೊದಲು ಕಟ್ಟಡ ಕೆಲಸದ ಚಿತ್ರ ತೋರಿಸುತ್ತಿದ್ದರು. ಮನೆ ಕಟ್ಟುವವರು ಯಾರು, ಅದರಲ್ಲಿ ಇರುವವರು ಯಾರು ಎಂಬಂಥ ಮಾತು ಅಲ್ಲಿಂದ ಹುಟ್ಟುತ್ತಿತ್ತು. ಆಮೇಲೆ ಪದವನ್ನು ಒಡೆದು ತ-ತೆ-ತಿ-ತೊ-ತು, ಜ-ಜೆ-ಜಿ-ಜೊ-ಜು, ಲ-ಲೆ-ಲಿ-ಲೊ-ಲು ಎಂಬ ಸಾಲುಗಳನ್ನು ಶಿಕ್ಷಕರೇ ತೋರಿಸುತ್ತಿದ್ದರು. ಅವುಗಳಿಂದ ‘ಲೋಜ’ (ಅಂಗಡಿ), ‘ಲುತ’ (ಹೋರಾಟ) ಮುಂತಾದ ಪದಗಳನ್ನು ಕಲಿಯುವವರು ತಾವೇ ಕಟ್ಟುತ್ತಿದ್ದರು.

ಪದ ಆರಿಸುವುದು, ಚಿತ್ರ ಬರೆಸುವುದು, ಸಾಲು ಜೋಡಿಸುವುದು ಎಲ್ಲಕ್ಕೂ ಮೊದಲೇ ತಯಾರಿ ಬೇಕಿತ್ತು. ಇದು ಸುಮ್ನೆ ಹರಟೆ ಅಲ್ಲ, ಅಲ್ವಾ? ಇನ್ನೊಂದು ಕಡೆ, ಗುಂಪು ಚರ್ಚೆ ಇದ್ದರೂ ಉತ್ತರ ಮೊದಲೇ ನಿಗದಿಯಾಗಿದ್ದರೆ ಅದೂ ಬ್ಯಾಂಕಿಂಗೇ.

ದಯವಿಟ್ಟು ಹಳೆಯ ಸಂದೇಶವನ್ನು ಮುಂದೆ ಕಳಿಸಬೇಡಿ.