ಇನಿಶಿಯಲ್ ಇಟ್ಕೊಂಡೋರೆಲ್ಲ ಫೇಕಾ?

ಕೊನೆಗೂ ನಾನು ನಾನೇ ಅಂತ ಒಪ್ಕೊಂಡ್ರು ಕಣ್ರಪ್ಪ. ಕೆಲಸ ಹುಡುಕೋಕೆ, ಹಳೇ ಕಲೀಗ್‌ಗಳನ್ನ ಹಿಡ್ಕೊಳ್ಳೋಕೆ ನಾವೆಲ್ಲ ಇರ್ತೀವಲ್ಲ ಆ ಸೈಟು, ಅದರಲ್ಲಿ ನನ್ನ ಪ್ರೊಫೈಲ್‌ಗೆ ಬೀಗ ಬಿದ್ದಿತ್ತು. ಕಾರಣ ಏನಪ್ಪಾ ಅಂದ್ರೆ ಹೆಸರು ನಿಜವಾದದ್ದಲ್ಲ ಅನ್ನೋ ಅನುಮಾನ. ಅದೂ ನಾನು ಕೆಲಸ ಬಿಟ್ಟು ಇಂಟರ್‌ವ್ಯೂಗೆ ಓಡಾಡ್ತಿರೋ ಟೈಮಲ್ಲೇ.

ನನ್ನ ಹೆಸರು ನಿಮಗೆ ಗೊತ್ತೇ ಇದೆ, `Savitha K M`. ಕೆ ಅಂದ್ರೆ ಕಾಳೇನಹಳ್ಳಿ, ಎಂ ಅಂದ್ರೆ ನಮ್ಮಪ್ಪ ಮಂಜೇಗೌಡ. ಹಾಸನದ ಕಡೆ ಅರ್ಧ ಜನದ ಹೆಸರು ಹಿಂಗೇ ಇರೋದು. ಆದ್ರೆ ಆ ಸೈಟಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡೇ ಡಬ್ಬಿ. ಲಾಸ್ಟ್ ನೇಮ್ ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ, ಅದಕ್ಕೆ ಅಲ್ಲಿ ಕೆ ಎಂ ಅಂತ ಹಾಕಿದ್ದೆ. ಅನುಮಾನ ಯಾಕೆ ಬಂತು ಅಂತ ಯಾರೂ ಬಾಯಿ ಬಿಡ್ಲಿಲ್ಲ, ನನ್ನ ಊಹೆ ಆ ಎರಡಕ್ಷರದ ಮೇಲೇ.

ಸರಿ, ಸರ್ಕಾರದ ಫೋಟೋ ಐಡಿ ಕಳಿಸಿ ಅಂದ್ರು. ಆಫೀಸ್ ಐಡಿ ಕಾರ್ಡ್ ನಡೆಯಲ್ಲ. ಇರೋದ್ರಲ್ಲೇ ದೊಡ್ಡ ದಾಖಲೆ ಅಂದ್ರೆ ಪಾಸ್‌ಪೋರ್ಟ್ ತಾನೆ, ಯಾರಾದ್ರೂ ಅದನ್ನೇ ಕೊಡ್ತಾರೆ, ನಾನೂ ಅದನ್ನೇ ಕಳಿಸ್ದೆ. ರಿಜೆಕ್ಟ್! ಯಾಕೆ ಅಂತ ಆಮೇಲೆ ಪಾಸ್‌ಪೋರ್ಟ್ ತೆಗೆದು ಕೂತು ನೋಡಿದಾಗ ಗೊತ್ತಾಯ್ತು. ಫೋಟೋ ಪುಟದ ಕೆಳಗೆ ಮೆಷಿನ್ ಓದೋ ಎರಡು ಸಾಲು ಇರುತ್ತಲ್ಲ, ನನ್ನದ್ರಲ್ಲಿ ಮೊದಲನೇದು ಹಿಂಗಿದೆ:

```
P<INDKALENAHALLI<MANJEGOWDA<<SAVITHA<<<<<<<<
```

ಹೆಸರಿನ ಮಧ್ಯೆ ಇರೋ ಡಬಲ್ ಬಾಣದ ಎಡಕ್ಕಿರೋದು ಸರ್‌ನೇಮು, ಬಲಕ್ಕಿರೋದು ಇಟ್ಟ ಹೆಸರು. ಅಂದ್ರೆ ಆ ಮೆಷಿನ್ ಪಾಲಿಗೆ ನಾನು ಕಾಳೇನಹಳ್ಳಿ ಮಂಜೇಗೌಡ ವಂಶದ ಸವಿತಾ, ಪ್ರೊಫೈಲಲ್ಲಿರೋ ಕೆ ಎಂ ಯಾರೋ ಬೇರೆಯೋಳು. ಪ್ಯಾನ್ ಕಾರ್ಡೂ ಅದೇ ಕಥೆ, ಆ ಅರ್ಜೀಲಿ ಇನಿಶಿಯಲ್ ಹಾಕೋ ಹಾಗಿಲ್ಲ, ಲಾಸ್ಟ್ ನೇಮ್ ಕಾಲಂ ಖಾಲಿ ಬಿಡೋ ಹಾಗೂ ಇಲ್ಲ, ಅದಕ್ಕೆ ಅಲ್ಲೂ ಊರು, ಅಪ್ಪ ಎಲ್ಲ ಉದ್ದಕ್ಕೆ ಬಿಡಿಸಿ ಬರೆದಿದಾರೆ.

ಹಂಗಾದ್ರೆ ಪ್ರೊಫೈಲಲ್ಲೇ ಹೆಸರು ಬದಲಾಯಿಸಿ ಪಾಸ್‌ಪೋರ್ಟ್ ತರ ಮಾಡ್ಬೋದಲ್ವಾ ಅಂತೀರಾ? ಬೀಗ ಹಾಕಿರೋ ಪ್ರೊಫೈಲನ್ನ ಎಡಿಟ್ ಮಾಡೋದೆಲ್ಲಿಂದ ಸ್ವಾಮಿ. ಒಳಗೆ ಹೋಗೋಕೆ ಹೆಸರು ಸರಿಮಾಡ್ಬೇಕು, ಹೆಸರು ಸರಿಮಾಡೋಕೆ ಒಳಗೆ ಹೋಗ್ಬೇಕು. ಹಾಗಾಗಿ ಇಲ್ಲಿ ದಾಖಲೆ ಎಷ್ಟು ದೊಡ್ಡದು ಅನ್ನೋದು ಲೆಕ್ಕಕ್ಕಿಲ್ಲ, ಪ್ರೊಫೈಲಲ್ಲಿ ಹೆಂಗಿದ್ಯೋ ಅಕ್ಷರಕ್ಕಕ್ಷರ ಹಂಗೇ ಇರೋ ಕಾರ್ಡ್ ಯಾವುದು ಅಂತ ಹುಡುಕ್ಬೇಕು. ನನ್ನ ಪುಣ್ಯಕ್ಕೆ ಆಧಾರಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿರೋ ಹಂಗೇ ಕೆ ಎಂ ಇತ್ತು. ಅದರ ಮೊದಲ ಎಂಟು ಅಂಕಿ ಮುಚ್ಚಿರೋ ಮಾಸ್ಕ್ಡ್ ಕಾಪಿ ಆಧಾರ್ ಸೈಟಲ್ಲೇ ಸಿಗುತ್ತೆ, ಅದನ್ನ ಇಳಿಸಿ, ಕಲರ್ ಪ್ರಿಂಟ್ ತೆಗೆಸಿ, ನಾಲ್ಕೂ ಮೂಲೆ ಕಾಣೋ ಹಂಗೆ ಕಿಟಕಿ ಬೆಳಕಲ್ಲಿ ಫೋಟೋ ಹಿಡಿದು ಕಳಿಸ್ದೆ. ಲ್ಯಾಮಿನೇಟ್ ಮಾಡಿರೋ ಕಾರ್ಡಿಗೆ ಫ್ಲ್ಯಾಶ್ ಹಾಕಿದ್ರೆ ಹೆಸರಿನ ಮೇಲೇ ಬಿಳಿ ಕಲೆ ಕೂರುತ್ತೆ, ಅದು ಬೇಡ. ಹಿಂಗೆ ಕಳಿಸಿದ್ಮೇಲೆ ಪಾಸಾಯ್ತು.

ಫೇಕ್ ಪ್ರೊಫೈಲ್ ಜಾಸ್ತಿ ಆಗಿದಾವೆ, ಎಚ್‌ಆರ್ ಅಂತ ಹೇಳ್ಕೊಂಡು ದುಡ್ಡು ಕೀಳ್ತಾರೆ, ಚೆಕ್ ಮಾಡೋದು ತಪ್ಪಾ ಅಂತ ನಮ್ಮ ಭಾವ ವಾದ ಮಾಡ್ತಿದ್ರು. ಮಾಡ್ಲಿ, ಬೇಡ ಅಂದೋರ್ಯಾರು. ಆದ್ರೆ ಮೋಸ ಮಾಡೋನು ಮುಂದೆ ಒಂದು ಹಿಂದೆ ಒಂದು ಇರೋ ನೀಟಾದ ಹೆಸರೇ ಇಟ್ಕೊಳ್ತಾನೆ ಭಾವ, ಯಾವ ಕಳ್ಳನೂ ಕೂತು ಕಾಳೇನಹಳ್ಳಿಯ ಕೆ ಅಂತ ಯೋಚನೆ ಮಾಡಲ್ಲ!

ಇನ್ನೊಂದು ಹೇಳ್ಬೇಕು. ಹಿಂದಿನ ಕಂಪನೀಲಿ ಪಾಸ್‌ಪೋರ್ಟ್ ನೋಡಿ ಹೆಸರು ಹಾಕಿದ್ರು, ಹಾಗಾಗಿ ಇಮೇಲ್‌ಗಳೆಲ್ಲ ಬರ್ತಿದ್ದದ್ದು ಡಿಯರ್ ಮಂಜೇಗೌಡ ಅಂತ. ಅಪ್ಪ ಹೋಗಿ ವರ್ಷಗಳಾಗಿವೆ, ಗದ್ದೆ ಬಿಟ್ಟು ಬೇರೆ ಕೆಲಸ ಕಂಡೋರಲ್ಲ, ಅವರಿಗೆ ಆಫೀಸಿನ ಸ್ಪ್ರಿಂಟ್ ರಿವ್ಯೂ ಮೀಟಿಂಗಿಗೆ ಕರೆ ಬರೋದು. ಮೊದಮೊದಲು ನಗು ಬರ್ತಿತ್ತು, ಒಂದಿನ ಡೆಸ್ಕಲ್ಲೇ ಅತ್ತುಬಿಟ್ಟೆ.

ಈಗ ಅಣ್ಣನ ಮಗಳು ಪಾಸ್‌ಪೋರ್ಟ್ ಅರ್ಜಿ ತುಂಬ್ತಿದಾಳೆ, ಅತ್ತೆ ಸರ್‌ನೇಮ್ ಖಾಲಿ ಬಿಡ್ಲಾ ಅಂತ ಕೇಳ್ತಾಳೆ. ಬಿಡ್ಬೋದು, ಅರ್ಜಿ ತಗೊಳ್ತಾರೆ. ಆದ್ರೆ ಅಮೆರಿಕಾ ವೀಸಾದಲ್ಲಿ ಆ ಒಂದೇ ಹೆಸರನ್ನ ಸರ್‌ನೇಮ್ ಮಾಡಿ, ಫಸ್ಟ್ ನೇಮ್ ಜಾಗದಲ್ಲಿ `FNU` ಅಂದ್ರೆ ಹೆಸರು ಗೊತ್ತಿಲ್ಲ ಅಂತ ಹೊಡೀತಾರೆ, ದುಬೈ ಕಡೆಯೋರು 2022ರ ನವೆಂಬರಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಅಂತಾನೇ ಅಂದ್ರು, ಆಮೇಲೆ ಒಂಚೂರು ಸಡಿಲ ಮಾಡಿದ್ರು. ಅದಕ್ಕೆ ಅವಳಿಗೆ ಹೇಳಿದೀನಿ, ಬಿಡಿಸಿ ಬರಿ, ಆದ್ರೆ ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಮೂರರಲ್ಲೂ ಸ್ಪೆಲಿಂಗ್ ಸಮೇತ ಒಂದೇ ತರ ಬರಿ. ಆಧಾರಲ್ಲಿ ಹೆಸರು ತಿದ್ದೋಕೆ ಜೀವನದಲ್ಲಿ ಎರಡೇ ಸಲ ಅವಕಾಶ, ಅವಳದ್ರಲ್ಲಿ ಆಗ್ಲೇ ಒಂದು ಸಲ ಸೈಬರ್ ಸೆಂಟರ್‌ನೋನು ಹಾಳುಮಾಡಿದಾನೆ.