Connected ಅಂತೆ, ಯಾವುದಕ್ಕೆ?

ಮೊನ್ನೆ ಬದಿಯಡ್ಕದಿಂದ ಕಾಸರಗೋಡಿಗೆ ಬರುವ ಬಸ್ಸಿನಲ್ಲಿ ನನ್ನ ಮಾನ ಹೋಯಿತು. ಎರಡೂ ಕಿವಿಯಲ್ಲಿ ಇಯರ್‌ಬಡ್ಸ್ ಇತ್ತು. ಫೋನಿನಲ್ಲಿ Connected ಅಂತ ಇತ್ತು, ಬ್ಯಾಟರಿ 80% ಅಂತಲೂ ಇತ್ತು. ಹಾಡು ಹಾಕಿದೆ. ಬಸ್ಸಿಗೆಲ್ಲ ಕೇಳಿತು, ನನ್ನ ಕಿವಿಯೊಳಗೆ ಮಾತ್ರ ಏನೂ ಇಲ್ಲ!

ಗಡಿಬಿಡಿಯಲ್ಲಿ ಹಾಡು ನಿಲ್ಲಿಸುವಷ್ಟರಲ್ಲಿ ದೊಡ್ಡಮ್ಮನ ಫೋನು. "ಹಲೋ, ಹಲೋ" ಅಂದೆ, ಉತ್ತರ ಇಲ್ಲ. ದೊಡ್ಡಮ್ಮ ಮಾತಾಡುತ್ತಲೇ ಇದ್ದರು, ಮಡಿಲಲ್ಲಿದ್ದ ಫೋನಿನೊಳಗೆ. ಸ್ಪೀಕರ್ ಗುರುತು ಒತ್ತಿದೆ. ಸಾಮಾನ್ಯವಾಗಿ ಅಲ್ಲಿ ಒತ್ತಿದರೆ ಫೋನು, ಸ್ಪೀಕರ್, ಬ್ಲೂಟೂತ್ ಅಂತ ಪಟ್ಟಿ ಬರುತ್ತದೆ. ಈ ಸಲ ಬರಲಿಲ್ಲ, ಸೀದಾ ಸ್ಪೀಕರ್ ಆನ್ ಆಯಿತು. "ಆ ಹುಡುಗನ ಮನೆಯವರು ಏನಂದ್ರು ಗೊತ್ತಾ?" ಅಂತ ದೊಡ್ಡಮ್ಮ ಶುರು ಮಾಡಿದ್ದು ಹಿಂದಿನ ಸೀಟಿನವರೆಗೂ ಹೋಯಿತು. ಕಂಡಕ್ಟರ್ ಮಲಯಾಳಿ, ಆದರೂ ನಕ್ಕ. ಇಲ್ಲಿ ಕನ್ನಡ ಅರ್ಥವಾಗದವರು ಯಾರಿದ್ದಾರೆ ಹೇಳಿ!

ಆ ಪಟ್ಟಿ ಬರಲಿಲ್ಲ ಅಂದದ್ದೇ ಸುಳಿವು. ಮನೆಗೆ ಬಂದು ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಇಯರ್‌ಬಡ್ಸ್ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿದೆ. ಅಲ್ಲಿ Phone calls, Media audio ಅಂತ ಎರಡು ಸ್ವಿಚ್ ಇರಬೇಕು. ಕರೆಗೊಂದು ದಾರಿ, ಹಾಡಿಗೊಂದು ದಾರಿ. ಆಫ್ ಆಗಿದ್ದರೆ ಆನ್ ಮಾಡಿದರೆ ಮುಗಿಯಿತು. ನನ್ನ ಫೋನಿನಲ್ಲಿ ಆ ಸ್ವಿಚ್‌ಗಳೇ ಇರಲಿಲ್ಲ.

ಮತ್ತೆ ಹೆಸರನ್ನು ಸರಿಯಾಗಿ ಓದಿದೆ. ಮುಂದೆ LE_ ಅಂತ ಅಂಟಿಕೊಂಡಿತ್ತು. ಕೆಲವು ಇಯರ್‌ಬಡ್ಸ್ ಜೋಡಿಸುವಾಗ ಪಟ್ಟಿಯಲ್ಲಿ ಎರಡು ಹೆಸರು ಬರುತ್ತವೆ, ಒಂದು ಬರೀ ಹೆಸರು, ಇನ್ನೊಂದು LE ಇರುವುದು. ಹೊಸ ಫೋನು ಬಂದ ದಿನ ಅವಸರದಲ್ಲಿ ನಾನು ಎರಡನೆಯದನ್ನು ಒತ್ತಿದ್ದೆ. LE ಅಂದರೆ ಕಡಿಮೆ ಕರೆಂಟು ತಿನ್ನುವ ಸಣ್ಣ ಸಂಪರ್ಕ. ಬ್ಯಾಟರಿ ಎಷ್ಟಿದೆ ಅನ್ನುವಂಥ ಚಿಕ್ಕ ಸುದ್ದಿ ಸಾಗಿಸುವುದಕ್ಕೆ ಅದು ಸಾಕು. ಹಾಡು, ಮಾತು ಅದರಲ್ಲಿ ಹೋಗುತ್ತಿರಲಿಲ್ಲ. ಹಾಗಾಗಿ ಫೋನು ಸುಳ್ಳು ಹೇಳಲಿಲ್ಲ, ಅರ್ಧ ಸತ್ಯ ಹೇಳಿತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. "ಬ್ಯಾಟರಿ ನೋಡಲು ಮಾತ್ರ" ಅಂತ ಒಂದು ಸಾಲು ಹಾಕಲು ಇವರಿಗೇನು ಕಷ್ಟ?

(LE Audio ಅಂತ ಹೊಸದೊಂದು ಬಂದಿದೆ, ಅದರಲ್ಲಿ ಧ್ವನಿಯೂ ಹೋಗುತ್ತದೆ. ಆದರೆ ಫೋನು, ಇಯರ್‌ಬಡ್ಸ್ ಎರಡರಲ್ಲೂ ಅದು ಇರಬೇಕು. ನನ್ನದರಲ್ಲಿ ಇಲ್ಲ.)

ಆ LE_ ಹೆಸರನ್ನು Forget ಮಾಡಿದೆ. ಇಯರ್‌ಬಡ್ಸ್ ಡಬ್ಬಿಯ ಗುಂಡಿಯನ್ನು ದೀಪ ಮಿಣುಕುವವರೆಗೆ ಒತ್ತಿ ಹಿಡಿದೆ. ಈ ಸಲ LE ಇಲ್ಲದ ಹೆಸರನ್ನೇ ಆರಿಸಿದೆ. ಹೆಸರಿನ ಕೆಳಗೆ ಈಗ Active ಅಂತ ಬಂತು, ಎರಡು ಸ್ವಿಚ್‌ಗಳೂ ಬಂದವು. ಆಮೇಲೆ ಇಯರ್‌ಬಡ್ಸ್‌ನ ಆ್ಯಪ್ ತೆರೆದೆ. ಅದಕ್ಕೆ ಬೇಕಾದ LE ಸಂಪರ್ಕವನ್ನು ಅದೇ ಮಾಡಿಕೊಂಡಿತು.

ದೊಡ್ಡಮ್ಮನಿಗೆ ಫೋನು ಮಾಡಿ ನೋಡಿದೆ. ಸ್ಪಷ್ಟವಾಗಿ ಕೇಳಿತು. ಹುಡುಗನ ಮನೆಯವರ ಸುದ್ದಿ ಮೊದಲಿಂದ ಇನ್ನೊಮ್ಮೆ ಕೇಳಬೇಕಾಯಿತು, ಅಷ್ಟೇ.